ಮೂವತ್ತೆಂಟರ ಬಸಿರು: ವರದಿಯ ಕೆಂಪಕ್ಷರ ಹೇಳುವುದೇನು?

38ರ ವಯಸ್ಸಿನಲ್ಲಿ ಗರ್ಭಿಣಿಯಾದ ಒಬ್ಬರನ್ನು ಊಹಿಸಿಕೊಳ್ಳಿ. ಹನ್ನೆರಡನೇ ವಾರದಲ್ಲಿ ಎನ್‌ಟಿ ಸ್ಕ್ಯಾನ್ ಆಗಿದೆ, ಅದರ ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆಯೂ ಆಗಿದೆ. ಕೈಗೆ ಬಂದ ವರದಿಯಲ್ಲಿ ‘ಟ್ರೈಸೋಮಿ 21, 1:120, ಹೈ ರಿಸ್ಕ್’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದೆ. ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದೇ ಮನೆಯವರೆಲ್ಲ ತಿಳಿದು ಕಂಗಾಲಾಗುತ್ತಾರೆ.

ಆದರೆ ವರದಿ ಹಾಗೆ ಹೇಳಿಯೇ ಇಲ್ಲ. ಇಂಥದೇ ಫಲಿತಾಂಶ ಬಂದ 120 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಆ ತೊಂದರೆ ಇರಬಹುದು, 119 ಮಂದಿಯ ಮಗುವಿಗೆ ಇರುವುದಿಲ್ಲ ಎಂಬುದಷ್ಟೇ ಅದರ ಅರ್ಥ.

ಈ ಅಂಕಿ ಬಂದದ್ದು ಎಲ್ಲಿಂದ? ಕಂಪ್ಯೂಟರ್ ಲೆಕ್ಕ ಶುರುಮಾಡುವುದೇ ತಾಯಿಯ ವಯಸ್ಸಿನಿಂದ. 25ರಲ್ಲಿ ಡೌನ್ ಸಿಂಡ್ರೋಮ್ ಸಾಧ್ಯತೆ ಸುಮಾರು 1,250ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 38ರಲ್ಲಿ 170ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಹೆಣ್ಣಿನ ಅಂಡಾಣುಗಳು ಆಕೆ ಹುಟ್ಟುವ ಮೊದಲೇ ತಯಾರಾಗಿ, ವಿಭಜನೆಯ ನಡುವೆಯೇ ನಿಂತು, ದಶಕಗಳ ಕಾಲ ಕಾಯುತ್ತವೆ. ವರ್ಣತಂತುಗಳ ಜೋಡಿಯನ್ನು ಹಿಡಿದಿಡುವ ಕೊಹೆಸಿನ್ ಎಂಬ ಪ್ರೊಟೀನು ಅಷ್ಟರಲ್ಲಿ ಸವೆದಿರುತ್ತದೆ. ಹಾಗಾಗಿ ವಿಭಜನೆ ಮುಂದುವರಿದಾಗ ಹಂಚಿಕೆ ತಪ್ಪಿ, ಒಂದು ವರ್ಣತಂತು ಹೆಚ್ಚಾಗಿ ಉಳಿಯಬಹುದು. ವಯಸ್ಸು ಏರಿದಂತೆ ಗರ್ಭಪಾತ ಹೆಚ್ಚುವುದಕ್ಕೂ ಮುಖ್ಯ ಕಾರಣ ಇದೇ. ತಾಯಿ ಏನೋ ತಿಂದದ್ದಾಗಲಿ, ಮೆಟ್ಟಿಲು ಹತ್ತಿದ್ದಾಗಲಿ ಅದಕ್ಕೆ ಕಾರಣವಲ್ಲ.

ಮಗುವಿನ ಕತ್ತಿನ ಹಿಂಭಾಗದ ದ್ರವದ ದಪ್ಪ ಮತ್ತು ತಾಯಿಯ ರಕ್ತದಲ್ಲಿರುವ ಎರಡು ಅಂಶಗಳನ್ನು ನೋಡಿ ಆ ಮೂಲ ಅಂಕಿಯನ್ನು ಹಿಗ್ಗಿಸುತ್ತಾರೆ ಇಲ್ಲವೇ ಕುಗ್ಗಿಸುತ್ತಾರೆ. ಇವರ ವಿಷಯದಲ್ಲಿ 170 ಇದ್ದದ್ದು 120 ಆಗಿದೆ, ಅಂದರೆ ಪರೀಕ್ಷೆ ಸೇರಿಸಿದ್ದು ಅಲ್ಪ. ಹಲವು ಪ್ರಯೋಗಾಲಯಗಳು 250ಕ್ಕೆ ಒಂದು ಎಂಬಲ್ಲಿ ಗೆರೆ ಎಳೆದು, ಅದಕ್ಕಿಂತ ಹೆಚ್ಚಿನ ಸಾಧ್ಯತೆಯನ್ನೆಲ್ಲ ‘ಹೈ ರಿಸ್ಕ್’ ಎನ್ನುತ್ತವೆ. 38ರ ಮಹಿಳೆ ಪರೀಕ್ಷೆಗೆ ಮುಂಚೆಯೇ ಆ ಗೆರೆಯನ್ನು ದಾಟಿರುತ್ತಾರೆ. ಇದನ್ನು ವೈದ್ಯರು ರಕ್ತ ತೆಗೆಯುವ ಮೊದಲೇ ಬಿಡಿಸಿ ಹೇಳಬೇಕು. ಹೇಳದಿದ್ದರೆ ಎಷ್ಟೋ ಕುಟುಂಬಗಳು ಸುಮ್ಮನೆ ನಿದ್ದೆಗೆಡುತ್ತವೆ.

ಮುಂದಿನ ಹೆಜ್ಜೆ ಎನ್‌ಐಪಿಟಿ. ಮಾಸುಚೀಲದಿಂದ ಕಳಚಿದ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತಿರುತ್ತವೆ. ಹತ್ತನೇ ವಾರದ ನಂತರ ತೋಳಿನಿಂದ ತೆಗೆದ ರಕ್ತದಲ್ಲೇ ಅವನ್ನು ಎಣಿಸಬಹುದು. ಡೌನ್ ಸಿಂಡ್ರೋಮ್ ಇರುವ ನೂರು ಗರ್ಭಗಳಲ್ಲಿ ಇದು ಸುಮಾರು 99ನ್ನು ಹಿಡಿಯುತ್ತದೆ. ನಮ್ಮ ಉದಾಹರಣೆಯವರಿಗೆ ಇಲ್ಲಿ ‘ಲೋ ರಿಸ್ಕ್’ ಬಂದರೆ ಸಾಧ್ಯತೆ ಸುಮಾರು 12,000ಕ್ಕೆ ಒಂದಕ್ಕೆ ಇಳಿಯುತ್ತದೆ. ‘ಹೈ ರಿಸ್ಕ್’ ಬಂದರೂ ಸುಮಾರು ಹತ್ತರಲ್ಲಿ ಒಂದು ಸಲ ಅದು ತಪ್ಪಾಗಿರಬಹುದು, ಏಕೆಂದರೆ ಆ ಡಿಎನ್‌ಎ ಮಗುವಿನದಲ್ಲ, ಮಾಸಿನದು. ಎನ್‌ಐಪಿಟಿ ಒಂದನ್ನೇ ನಂಬಿ ಗರ್ಭ ತೆಗೆಸುವ ತೀರ್ಮಾನ ಮಾಡಲೇಬಾರದು.

ಖಚಿತವಾಗಿ ತಿಳಿಯಬೇಕಾದರೆ 15 ವಾರ ತುಂಬಿದ ಮೇಲೆ ಆಮ್ನಿಯೋಸೆಂಟಿಸಿಸ್ ಮಾಡಿಸಬೇಕು. ಸ್ಕ್ಯಾನ್ ನೋಡುತ್ತಾ ಸಣ್ಣ ಸೂಜಿಯಿಂದ ನಾಲ್ಕು ಚಮಚೆಯಷ್ಟು ಗರ್ಭಜಲ ತೆಗೆಯುತ್ತಾರೆ. ನುರಿತ ಕೈಗಳಲ್ಲಿ ಇದರಿಂದ ಗರ್ಭಪಾತವಾಗುವ ಸಂಭವ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮ ಪಿಸಿಪಿಎನ್‌ಡಿಟಿ ಕಾಯ್ದೆ ಇಂಥ ಪರೀಕ್ಷೆಗೆ ಒಪ್ಪುವ ಕಾರಣಗಳಲ್ಲಿ 35 ದಾಟಿದ ವಯಸ್ಸೂ ಒಂದು. ಗರ್ಭಿಣಿಯ ಲಿಖಿತ ಒಪ್ಪಿಗೆ ಬೇಕೇ ಬೇಕು, ಲಿಂಗವನ್ನು ಮಾತ್ರ ಯಾರೂ ಹೇಳುವಂತಿಲ್ಲ. ಇದ್ಯಾವುದೂ ಬೇಡ, ಮಗು ಹೇಗಿದ್ದರೂ ಸಾಕುತ್ತೇವೆ ಎನ್ನುವುದೂ ಅಷ್ಟೇ ಸರಿಯಾದ ಉತ್ತರ.

ವರ್ಣತಂತುಗಳ ಭಯದಲ್ಲಿ ಹೆಚ್ಚು ಸಾಮಾನ್ಯವಾದ ಎರಡು ತೊಂದರೆಗಳು ಮರೆತುಹೋಗುತ್ತವೆ ಎಂಬುದೇ ನನ್ನ ಚಿಂತೆ: ಸಕ್ಕರೆ ಮತ್ತು ಬಿಪಿ. ಗರ್ಭಾವಸ್ಥೆಯ ಮಧುಮೇಹ ತಡವಾದ ಬಸಿರಿನಲ್ಲಿ ಹೆಚ್ಚು, ಭಾರತೀಯರಲ್ಲಂತೂ ಮತ್ತೂ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಬೇಕು. ಅದು ಸರಿಯಿದ್ದರೂ 24–28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಬೇಕು. ಬಿಪಿ 140/90 ಮುಟ್ಟಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವೆದ್ದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಪಿಯ ಅಪಾಯ ಹೆಚ್ಚಿರುವವರಿಗೆ 12ನೇ ವಾರದ ಸುಮಾರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ. ಇವೆರಡೂ ಬೇಗ ಪತ್ತೆಯಾದರೆ ಆಹಾರ, ಔಷಧಿ, ಸರಿಯಾದ ವೇಳೆಗೆ ಹೆರಿಗೆ ಇಷ್ಟರಿಂದಲೇ ಬಹುಪಾಲು ನಿಭಾಯಿಸಬಹುದು.

40 ದಾಟಿದವರಲ್ಲಿ ದಿನ ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಕಿರಿಯರಿಗಿಂತ ಹೆಚ್ಚು, ಆದರೂ ಅದು ಅಪರೂಪವೇ. ಆದ್ದರಿಂದಲೇ ಅವರಿಗೆ 39–40ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸುವ ಸಲಹೆ ಕೊಡುವುದುಂಟು. ಮಗುವಿನ ಅಲುಗಾಟ ಎಂದಿಗಿಂತ ಕಡಿಮೆ ಅನ್ನಿಸಿದರೆ ನಡುರಾತ್ರಿಯಾದರೂ ಸರಿ, ಹೊರಟುಬಿಡಬೇಕು.