ಸ್ಪುಟ್ನಿಕ್‌ನಿಂದ ಬ್ಯಾಲಾಳಿನವರೆಗೆ

ಎರಡನೆಯ ಮಹಾಯುದ್ಧ ಮುಗಿದಾಗ ಜಗತ್ತಿನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆಂಬ ಎರಡು ಮಹಾಶಕ್ತಿಗಳು ತಲೆಯೆತ್ತಿ ನಿಂತವು. ಯುದ್ಧಕಾಲದ ಮಿತ್ರರು ಬಹುಬೇಗ ಪ್ರತಿಸ್ಪರ್ಧಿಗಳಾದರು. ಇಬ್ಬರ ಬಳಿಯೂ ಅಣ್ವಸ್ತ್ರವಿತ್ತು. ಅದನ್ನು ಸಾಗರದಾಚೆಯ ನೆಲಕ್ಕೆ ಮುಟ್ಟಿಸುವ ಬಗೆ ಹೇಗೆಂಬುದೇ ಇಬ್ಬರ ಚಿಂತೆಯಾಗಿತ್ತು. ಇದಕ್ಕಾಗಿ ಸೆರ್ಗೇಯ್ ಕೊರೊಲ್ಯೋವ್ ಎಂಬ ತಂತ್ರಜ್ಞನ ನೇತೃತ್ವದಲ್ಲಿ ಸೋವಿಯತ್ ಒಕ್ಕೂಟವು ಆರ್-7 ಎಂಬ ದೈತ್ಯ ರಾಕೆಟ್ಟನ್ನು ನಿರ್ಮಿಸಿತು. 1957ರ ಅಕ್ಟೋಬರ್ 4ರಂದು ಅದೇ ಬಗೆಯ ರಾಕೆಟ್ಟು, ಬಾಂಬಿಗೆ ಬದಲಾಗಿ, ಸುಮಾರು 84 ಕಿಲೋಗ್ರಾಂ ತೂಕದ ಲೋಹದ ಗೋಳವೊಂದನ್ನು ಭೂಮಿಯ ಸುತ್ತ ತಿರುಗಲು ಬಿಟ್ಟಿತು. ಅದೇ ಸ್ಪುಟ್ನಿಕ್, ಮಾನವನು ನಿರ್ಮಿಸಿದ ಮೊದಲ ಉಪಗ್ರಹ.

ಸ್ಪುಟ್ನಿಕ್ 'ಬೀಪ್, ಬೀಪ್' ಎಂಬ ಸಂಕೇತವನ್ನು ರೇಡಿಯೊ ಅಲೆಗಳ ಮೂಲಕ ಬಿತ್ತರಿಸುತ್ತಿತ್ತು. ಅಮೆರಿಕದ ಜನ ಅದನ್ನು ಕೇಳಿ ದಿಗಿಲುಗೊಂಡರು. ಗೋಳವನ್ನು ತಮ್ಮ ತಲೆಯ ಮೇಲೆ ಹಾಯಿಸಬಲ್ಲ ರಾಕೆಟ್ಟು ನಾಳೆ ಬಾಂಬನ್ನೂ ತರಲಾರದೆ? ಅಂದಿನಿಂದ ಮೊದಲಾದ ಪೈಪೋಟಿಯಲ್ಲಿ 1961ರಲ್ಲಿ ಗಗಾರಿನ್ ಅಂತರಿಕ್ಷಕ್ಕೇರಿದನು; 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟನು. ಇವು ಎಲ್ಲರೂ ಬಲ್ಲ ಸಂಗತಿಗಳು. ಆದರೆ ನೆಲದ ಮೇಲಿನ ನಿತ್ಯದ ಬದುಕನ್ನು ಹೆಚ್ಚಾಗಿ ಮಾರ್ಪಡಿಸಿದ ಕೀರ್ತಿ ಆ ಬೀಪ್ ಸದ್ದಿಗೇ ಸಲ್ಲಬೇಕು.

ರಾಮನಗರದ ರೈಲು ನಿಲ್ದಾಣದಲ್ಲಿ ನಿಲ್ಲದೆ ಸಾಗುವ ಗಾಡಿಯ ಸಿಳ್ಳನ್ನು ಗಮನವಿಟ್ಟು ಕೇಳಿದವರು ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಗಾಡಿ ಹತ್ತಿರವಾಗುವಾಗ ಸಿಳ್ಳು ಏರುದನಿಯಲ್ಲಿ ಕೇಳಿಸುತ್ತದೆ. ದಾಟಿ ದೂರ ಸರಿದೊಡನೆ ದನಿ ಇಳಿಯುತ್ತದೆ. ರೇಡಿಯೊ ಅಲೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ತರುಣ ವಿಜ್ಞಾನಿಗಳು ಸ್ಪುಟ್ನಿಕ್ ದನಿಯ ಈ ಏರಿಳಿತವನ್ನು ಅಳೆದು, ಗೋಳವು ಸಾಗುವ ಪಥವನ್ನೇ ಲೆಕ್ಕಹಾಕಿಬಿಟ್ಟರು. 1958ರಲ್ಲಿ ಅವರ ಹಿರಿಯನಾದ ಮೆಕ್ಲೂರ್ ಲೆಕ್ಕವನ್ನು ತಿರುವುಮುರುವಾಗಿಸಿದನು. ನೆಲದ ಠಾವು ತಿಳಿದಿದ್ದರೆ ಉಪಗ್ರಹದ ಪಥ ಸಿಗುತ್ತದೆ; ಹಾಗಾದರೆ ಪಥ ತಿಳಿದಿದ್ದರೆ ಕೇಳುವವನ ಠಾವು ಸಿಗಬೇಕಲ್ಲವೆ? ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳಿಗೆ ನಡುಗಡಲಿನಲ್ಲಿ ತಾವೆಲ್ಲಿದ್ದೇವೆಂಬುದು ತಿಳಿಯಬೇಕಾಗಿತ್ತು. ಹೀಗಾಗಿ ಈ ಉಪಾಯಕ್ಕೆ ಕೂಡಲೇ ಹಣ ದೊರೆಯಿತು. ಸಂಹಾರಕ್ಕೆಂದು ಹುಟ್ಟಿದ ವಿದ್ಯೆ ಮುಂದೆ ದಾರಿ ತೋರುವ ವಿದ್ಯೆಯಾದದ್ದು ಸೋಜಿಗವೇ ಸರಿ.

ಈಗ ವಿಧಾನ ಬದಲಾಗಿದೆ. ದನಿಯ ಏರಿಳಿತಕ್ಕೆ ಬದಲಾಗಿ ಕಾಲವನ್ನೇ ಅಳೆಯುತ್ತಾರೆ. ಉಪಗ್ರಹವು ತನ್ನ ಗಡಿಯಾರದ ವೇಳೆಯನ್ನು ಬಿತ್ತರಿಸುತ್ತದೆ. ಆ ಸಂಕೇತ ತಲುಪಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ಹೀಗೆ ನಾಲ್ಕು ಉಪಗ್ರಹಗಳನ್ನು ಆಲಿಸಿದರೆ ಕೇಳುವವನ ಠಾವೂ ಅವನ ಕೈಯಲ್ಲಿರುವ ಗಡಿಯಾರದ ತಪ್ಪೂ ಒಟ್ಟಿಗೆ ತಿಳಿದುಬರುತ್ತವೆ. ಮಾಗಡಿಯಿಂದ ಕನಕಪುರಕ್ಕೆ ಹೊರಟ ಚಾಲಕನ ಫೋನು ದಾರಿ ತೋರುವುದು ಈ ಲೆಕ್ಕದಿಂದಲೇ.

ಭಾರತವೂ ಇಂಥ ವ್ಯವಸ್ಥೆಯನ್ನು ಕಟ್ಟಿತು. ಅದರ ಹೆಸರು ನಾವಿಕ್. ಅದರ ಮೊದಲ ಉಪಗ್ರಹವು 2013ರ ಜುಲೈ 1ರಂದು ಮೇಲೇರಿತು. ಅದಕ್ಕೆ ತುಸು ಮೊದಲು, ಮೇ ತಿಂಗಳಲ್ಲಿ, ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ಸೀಮೆಯ ಬಳಿಯಿರುವ ಬ್ಯಾಲಾಳು ಗ್ರಾಮದಲ್ಲಿ ಇದರ ಸಂಚಾಲನ ಕೇಂದ್ರ ಆರಂಭವಾಗಿತ್ತು. 2008ರಿಂದಲೇ ಅಲ್ಲಿನ 32 ಮೀಟರ್ ಅಗಲದ ಬೃಹತ್ ಆಂಟೆನಾ ಚಂದ್ರಯಾನದ ಕ್ಷೀಣ ಸಂಕೇತಗಳನ್ನು ಆಲಿಸುತ್ತಿತ್ತು. ತಟ್ಟೆಯಂತೆ ತಗ್ಗಾದ ನೆಲವು ಹೊರಗಿನ ರೇಡಿಯೊ ಗದ್ದಲವನ್ನು ತಡೆಯುವುದರಿಂದ ಆ ಸ್ಥಳವನ್ನು ಆರಿಸಿದ್ದರು.

ಇಲ್ಲಿ ಎಲ್ಲವೂ ಗಡಿಯಾರವನ್ನೇ ಅವಲಂಬಿಸಿದೆ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ 300 ಮೀಟರ್. ಉಪಗ್ರಹದ ಗಡಿಯಾರ ಅಂಥ 40 ಪಾಲಿನಷ್ಟು ತಪ್ಪಿದರೆ ಅಳತೆಯಲ್ಲಿ 12 ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ! ಆದುದರಿಂದ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿಡುತ್ತಾರೆ. ಅವು ತಪ್ಪಿದರೆ ಪತ್ತೆಹಚ್ಚುವ ಬಗೆ ಸರಳವಾದುದು. ನೆಲದ ಮೇಲೆ ಠಾವು ಖಚಿತವಾಗಿ ತಿಳಿದಿರುವ ಕೇಂದ್ರಗಳು ಉಪಗ್ರಹದ ದೂರವನ್ನು ಸದಾ ಅಳೆಯುತ್ತಿರುತ್ತವೆ. ಅಳತೆ ಲೆಕ್ಕಕ್ಕೆ ಹೊಂದದಿದ್ದರೆ ಗಡಿಯಾರದ ಮೇಲೆ ಸಂಶಯ ಮೂಡುತ್ತದೆ.

ಮೊದಲ ನಾವಿಕ್ ಉಪಗ್ರಹಕ್ಕೆ ಈ ಕಂಟಕವೇ ಎದುರಾಯಿತು. ವಿದೇಶದಿಂದ ತರಿಸಿದ್ದ ಅದರ ಮೂರು ಗಡಿಯಾರಗಳೂ ಕೆಟ್ಟುಹೋದವು. ಉಪಗ್ರಹ ತಿರುಗುತ್ತಲೇ ಇದ್ದರೂ ಠಾವು ಹೇಳಲು ಅದು ಬಾರದಾಯಿತು. ಅದರ ಸ್ಥಾನ ತುಂಬಲೆಂದು 2017ರ ಆಗಸ್ಟ್‌ನಲ್ಲಿ ಕಳಿಸಿದ ಉಪಗ್ರಹವು ರಾಕೆಟ್ಟಿನ ಶಾಖಕವಚ ಕಳಚಿಕೊಳ್ಳದೆ ಒಳಗೇ ಸಿಕ್ಕಿಬಿದ್ದಿತು. 2018ರ ಏಪ್ರಿಲ್‌ನಲ್ಲಿ ಮತ್ತೊಂದನ್ನು ಏರಿಸಬೇಕಾಯಿತು. ಅಹಮದಾಬಾದಿನಲ್ಲಿ ನಮ್ಮವರೇ ನಿರ್ಮಿಸಿದ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹವು 2023ರ ಮೇ 29ರಂದು ಶ್ರೀಹರಿಕೋಟೆಯಿಂದ ಮೇಲೇರಿತು.