ಕರೆಂಟು ಹೋದಾಗ ಬಿಸಿಲು ಇರುತ್ತದೆಯೇ?

ಜುಲೈ ತಿಂಗಳು, ಹೊಸನಗರದ ಹತ್ತಿರ ಅಕ್ಕನ ಮನೆ. ಮಧ್ಯಾಹ್ನ ಎಲ್ಲೋ ಮರ ಬಿದ್ದು ಲೈನ್ ಹರಿದಿತ್ತು. ಸಂಜೆಗೆ ಇನ್ವರ್ಟರ್‌ನಲ್ಲಿ ದೀಪ ಹತ್ತಿದವು, ಟಿವಿಯೂ ಓಡಿತು, ಫ್ರಿಜ್ಜೂ ಗುಂಯ್ ಎನ್ನುತ್ತಲೇ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಇನ್ವರ್ಟರ್ ಕುಂಯ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಕರೆಂಟು ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಮೊಬೈಲುಗಳೆಲ್ಲ ಸತ್ತಿದ್ದವು, ಮೇಲಿನ ಟ್ಯಾಂಕ್ ಖಾಲಿಯಾಗಿತ್ತು, ಭಾವ ಬಾವಿಯಿಂದ ನೀರು ಸೇದುತ್ತಿದ್ದರು.

"ಈ ಬ್ಯಾಟರಿ ಸರಿ ಇಲ್ಲ ಮಾರಾಯ, ಸೋಲಾರ್ ಹಾಕಿಸಿಬಿಡೋಣ ಅಂತಿದೀನಿ" ಅಂದರು ಭಾವ.

ಬ್ಯಾಟರಿ ಸರಿಯಾಗಿಯೇ ಇತ್ತು. ಜುಲೈ ತಿಂಗಳ ಹೊಸನಗರದಲ್ಲಿ ಸೋಲಾರ್ ಹಾಕಿಸಿದ್ದರೂ ಆ ಮೂರು ದಿನ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಹಾಗೇಕೆ ಎಂಬುದು ತಿಳಿದರೆ ಯಾವ ಮನೆಗೆ ಯಾವುದು ಹೊಂದುತ್ತದೆ ಎನ್ನುವುದೂ ತಿಳಿಯುತ್ತದೆ.

ಇನ್ವರ್ಟರ್ ಕರೆಂಟು ಹುಟ್ಟಿಸುವ ಯಂತ್ರವಲ್ಲ. ಬ್ಯಾಟರಿಯೆಂದರೆ ಬಚ್ಚಲಮನೆಯ ಹಂಡೆ ಇದ್ದ ಹಾಗೆ, ತುಂಬಿದಷ್ಟೇ ಮೊಗೆಯಬಹುದು. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ, ಅಂದರೆ ಒಂದೂಮುಕ್ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಅದನ್ನು ತಳ ಕಾಣುವಂತೆ ಬಳಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಪರಿವರ್ತಿಸುವಾಗಲೂ ಒಂದಷ್ಟು ಶಾಖವಾಗಿ ಹೋಗುತ್ತದೆ. ಇವೆಲ್ಲ ಕಳೆದು ಕೈಗೆ ಸಿಗುವುದು ಸುಮಾರು ಒಂದು ಯೂನಿಟ್. ಬ್ಯಾಟರಿ ಹಳತಾದಂತೆ ಅದೂ ಇಳಿಯುತ್ತದೆ.

ಆ ಒಂದು ಯೂನಿಟ್ಟಿನಲ್ಲಿ ಏನಾಗುತ್ತದೆ ಎಂದು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಬರೆದು ನೋಡಿದೆವು. ಒಂಬತ್ತು ವ್ಯಾಟಿನ ಐದು ಎಲ್‌ಇಡಿ ಬಲ್ಬಿಗೆ 45, ಹಳೆಯ ಮಾದರಿಯ ಎರಡು ಫ್ಯಾನಿಗೆ 150, ಟಿವಿಗೆ 60, ಇಂಟರ್ನೆಟ್ ಡಬ್ಬಿಗೆ 10. ಒಟ್ಟು 265 ವ್ಯಾಟ್. ನಾಲ್ಕು ಗಂಟೆಗೆ ಹಂಡೆ ಖಾಲಿ. ಜೊತೆಗೆ ಫ್ರಿಜ್ಜನ್ನೂ ಸೇರಿಸಿದರೆ ಮೂರು ಗಂಟೆಯೂ ಕಷ್ಟ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಫ್ಯಾನು ಯಾರಿಗೆ ಬೇಕು? ಮೂರು ಬಲ್ಬು, ಇಂಟರ್ನೆಟ್, ಎರಡು ಮೊಬೈಲ್ ಚಾರ್ಜರ್ ಸೇರಿ 50 ವ್ಯಾಟ್, ಇನ್ವರ್ಟರ್ ತಾನೇ ತಿನ್ನುವುದು ಇನ್ನೊಂದು 15. ಸಂಜೆ ಆರರಿಂದ ಹನ್ನೊಂದರವರೆಗೆ ಬಳಸಿ, ಮಲಗುವಾಗ ಇನ್ವರ್ಟರಿನ ಸ್ವಿಚ್ಚನ್ನೇ ಆರಿಸಿದರೆ ಅದೇ ಬ್ಯಾಟರಿ ಮೂರು ಸಂಜೆ ಬರುತ್ತದೆ. ಭಾವ ಬೈಯುತ್ತಿದ್ದ ಬ್ಯಾಟರಿಗೆ ಮೂರು ದಿನದ ದೀಪ ಕೊಡುವ ಶಕ್ತಿ ಇತ್ತು. ಅದನ್ನು ಒಂದೇ ರಾತ್ರಿ ಟಿವಿ, ಫ್ರಿಜ್ಜು ಕುಡಿದು ಮುಗಿಸಿದ್ದವು. ಆದ್ದರಿಂದ ಇನ್ವರ್ಟರ್ ವೈರಿಂಗ್ ಮಾಡಿಸುವಾಗ ಫ್ರಿಜ್ಜಿನ ಪಾಯಿಂಟನ್ನು ಅದರಿಂದ ಹೊರಗೆ ಇಡಿಸುವುದು ಒಳ್ಳೆಯದು.

ಹಂಡೆ ತುಂಬುವ ಕಡೆಯೂ ಒಂದು ತೊಡಕಿದೆ. ಖಾಲಿಯಾದ 150 ಎಎಚ್ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆಯ ಕರೆಂಟು ಬೇಕು. ದಿನಕ್ಕೆ ಆರೆಂಟು ಸಲ ಹೋಗಿ ಬರುವ ಊರಿನಲ್ಲಿ ಅದು ಎಂದೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ಇದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಐದಾರು ವರ್ಷ ಬರಬೇಕಾದದ್ದು ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ. ಹಳ್ಳಿಯ ವೋಲ್ಟೇಜು ಇದಕ್ಕೆ ಇನ್ನೊಂದು ಕಾರಣ. ಅನೇಕ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಅದು ಯುಪಿಎಸ್ ಕಡೆಗಿದ್ದರೆ, ವೋಲ್ಟೇಜು ಸುಮಾರು 180ಕ್ಕಿಂತ ಇಳಿದ ಕೂಡಲೇ ಇನ್ವರ್ಟರ್ ಕರೆಂಟೇ ಹೋಯಿತೆಂದು ತಿಳಿದು ಬ್ಯಾಟರಿಗೆ ಕೈ ಹಾಕುತ್ತದೆ. ಪಕ್ಕದ ಮನೆಯಲ್ಲಿ ಬಲ್ಬು ಮಂಕಾಗಿ ಉರಿಯುತ್ತಿದ್ದು, ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ ಓಡುತ್ತಿದ್ದರೆ ಇದೇ ಕಾರಣ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಸ್ವಿಚ್ಚನ್ನು ಇನ್ನೊಂದು ಕಡೆಗೆ ತಳ್ಳಿದರೆ ಸಾಕು. ಅಕ್ಕನ ಮನೆಯಲ್ಲಿ ಆ ಸ್ವಿಚ್ ನಾಲ್ಕು ವರ್ಷದಿಂದ ಯುಪಿಎಸ್ ಕಡೆಗೇ ಇತ್ತು.

ಹಂಡೆಗೆ ನೀರು ಎಲ್ಲಿಂದ ಬರಬೇಕು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಊರಿನ ಆಕಾಶ ನೋಡಬೇಕು.

ಸಿಂಧನೂರಿನಲ್ಲಿರುವ ನನ್ನ ಸ್ನೇಹಿತನ ಮನೆಯಲ್ಲಿ ಕರೆಂಟು ಹೆಚ್ಚು ಕೈಕೊಡುವುದು ಏಪ್ರಿಲ್, ಮೇ ತಿಂಗಳಲ್ಲಿ, ಅದೂ ಮಧ್ಯಾಹ್ನ. ಆ ಹೊತ್ತಿಗೆ ತಾರಸಿಯ ಮೇಲೆ ಬರಿಗಾಲು ಊರಲಾಗದಂಥ ಬಿಸಿಲು. ಕರೆಂಟು ಹೋಗುವ ಹೊತ್ತೂ ಬಿಸಿಲು ಸುಡುವ ಹೊತ್ತೂ ಅಲ್ಲಿ ಒಂದೇ. ಆದ್ದರಿಂದ ಸೋಲಾರ್ ಅಲ್ಲಿ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಅವನು 330 ವ್ಯಾಟಿನಷ್ಟು ಪ್ಯಾನೆಲ್ಲನ್ನು ಚಾರ್ಜ್ ಕಂಟ್ರೋಲರ್ ಮೂಲಕ ಮೊದಲೇ ಇದ್ದ ಇನ್ವರ್ಟರ್ ಬ್ಯಾಟರಿಗೆ ಜೋಡಿಸಿಕೊಂಡಿದ್ದಾನೆ. ಬೇಸಿಗೆಯ ದಿನಕ್ಕೆ ಸುಮಾರು ಒಂದು ಯೂನಿಟ್ ಬ್ಯಾಟರಿಗೆ ಸೇರುತ್ತದೆ, ಅಂದರೆ ಖಾಲಿಯಾದ ಹಂಡೆ ಹೆಚ್ಚುಕಡಿಮೆ ಮತ್ತೆ ತುಂಬಿದ ಹಾಗೆ. ಜೊತೆಗೆ ಹಳೆಯ ಫ್ಯಾನುಗಳನ್ನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸಿದ. ಎರಡು ಫ್ಯಾನಿಗೆ 150 ಇದ್ದದ್ದು 60 ಆಯಿತು. ಇನ್ನೊಂದು ಬ್ಯಾಟರಿ ಕೊಳ್ಳುವ ಬದಲು ಫ್ಯಾನು ಬದಲಿಸಿದ್ದೇ ಅಗ್ಗವಾಯಿತು.

ಮಲೆನಾಡಿನ ಕಥೆ ತಿರುಗುಮುರುಗು. ಇಲ್ಲಿ ಕರೆಂಟು ಹೋಗುವುದೇ ಬಿಸಿಲಿಲ್ಲದ ಹೊತ್ತಿನಲ್ಲಿ. ಗಾಳಿಮಳೆಗೆ ಮರ ಬೀಳುವ ದಿನ ಅದೇ ಪ್ಯಾನೆಲ್ಲು ಬೇಸಿಗೆಯ ಐದನೇ ಒಂದು ಭಾಗ ಕೊಟ್ಟರೆ ಹೆಚ್ಚು. ಅದರ ಮೇಲೆ ಮನೆಯ ಸುತ್ತ ಅಡಿಕೆ ಮರ. ಪ್ಯಾನೆಲ್ಲಿನ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಉತ್ಪಾದನೆ ಆ ಮೂಲೆಯ ಪಾಲಿಗಿಂತ ಹೆಚ್ಚು ಕುಸಿಯುತ್ತದೆ, ಏಕೆಂದರೆ ಸೆಲ್ಲುಗಳನ್ನು ಸರಪಳಿಯ ಹಾಗೆ ಒಂದಕ್ಕೊಂದು ಪೋಣಿಸಿರುತ್ತಾರೆ. ಹಾಗೆಂದು ಸೋಲಾರ್ ಇಲ್ಲಿ ದಂಡವಲ್ಲ. ಐದನೇ ಒಂದು ಭಾಗವೆಂದರೂ ಮೂರು ಬಲ್ಬಿನ ಮೂರು ಗಂಟೆಯ ಬೆಳಕು. ಕರ್ನಾಟಕದ ಹಳ್ಳಿಗಳಲ್ಲಿ ಎರಡು ಮೂರು ದೀಪದ ಸಣ್ಣ ಸೋಲಾರ್ ಕಿಟ್ಟುಗಳು ಬಹಳ ವರ್ಷದಿಂದ ಬಳಕೆಯಲ್ಲಿವೆ. ಆ ಕೆಲಸಕ್ಕಾಗಿ ಬೆಂಗಳೂರಿನಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಡಿಮೆ ಕೇಳಿದರೆ ಸೋಲಾರ್ ಮೋಡದ ಕೆಳಗೂ ಕೊಡುತ್ತದೆ. ಮನೆಯಿಡೀ ಎಳೆಯಲು ಹೊರಟರೆ ಆಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. 2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂದ ಮೇಲೆ ತಾರಸಿಯ ಸೋಲಾರ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತಿದೆ. ಅದರಲ್ಲಿ ಹೆಚ್ಚಿನವರು ಹಾಕಿಸುವುದು ಆನ್-ಗ್ರಿಡ್ ಮಾದರಿಯನ್ನು. ಬ್ಯಾಟರಿಯಿಲ್ಲದ ಈ ಮಾದರಿ ಬೀದಿಯ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ, ಸುಡುವ ಬಿಸಿಲಿದ್ದರೂ ಸರಿ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದೆಂದು ಹಾಗೆ ಕಡ್ಡಾಯ ಮಾಡಿದ್ದಾರೆ. ಅದು ಕರೆಂಟು ಬಿಲ್ಲು ಇಳಿಸುವ ವ್ಯವಸ್ಥೆಯೇ ಹೊರತು ಕತ್ತಲೆ ಓಡಿಸುವುದಲ್ಲ. ಕರೆಂಟು ಹೋದಾಗ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ಅಥವಾ ಆಫ್-ಗ್ರಿಡ್ ಬೇಕು, ಖರ್ಚೂ ಹೆಚ್ಚು. ಮಾರಲು ಬಂದವರನ್ನು "ಕರೆಂಟು ಇಲ್ಲದಾಗ ಇದು ಓಡುತ್ತಾ?" ಎಂದು ಕೇಳಿ, ಉತ್ತರವನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ಹಾಗಾದರೆ ಅಕ್ಕನ ಮನೆಗೆ ಏನು? ಅಲ್ಲಿ ನಿಜವಾದ ಕೊರತೆ ಬೆಳಕಿನದಲ್ಲ, ನೀರಿನದು. ಬಾವಿಯ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ ಮುಕ್ಕಾಲು ಕಿಲೋವ್ಯಾಟಿನ ಮೇಲೆ ಎಳೆದರೆ, ಶುರುವಾಗುವ ಕ್ಷಣದಲ್ಲಿ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರ್ ಅದಕ್ಕೆ ಟ್ರಿಪ್ ಆಗುತ್ತದೆ. ಅದಕ್ಕೆ ಸುಮಾರು 3 ಕೆವಿಎ ಪೆಟ್ರೋಲ್ ಜನರೇಟರೇ ಬೇಕು. ಮಳೆಗಾಲದ ನಡುವೆ ಭಾವ ಅಂಥದ್ದೊಂದನ್ನು ತಂದರು.

ಜನರೇಟರಿನ ಸ್ವಭಾವವೇ ಬೇರೆ. ಅರ್ಧ ಲೋಡಿನಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಎರಡೇ ಬಲ್ಬು ಉರಿಸಿದರೂ ಅದರ ಅರ್ಧಕ್ಕಿಂತ ಕಡಿಮೆಯೇನೂ ಕುಡಿಯುವುದಿಲ್ಲ. ಲೋಡು ಚೆನ್ನಾಗಿದ್ದರೆ ಯೂನಿಟ್ಟಿಗೆ ನೂರು ರೂಪಾಯಿಯ ಆಸುಪಾಸು, ದೀಪಕ್ಕೆಂದೇ ಓಡಿಸಿದರೆ ಅದರ ಹತ್ತಾರು ಪಟ್ಟು. ಅದಕ್ಕೆ ಅಕ್ಕ ಸಂಜೆ ನಾಲ್ಕರಿಂದ ಆರು ಎಂದು ಹೊತ್ತು ಗೊತ್ತು ಮಾಡಿದ್ದಾಳೆ. ಮೊದಲು ಮೋಟಾರು ಓಡಿ ಟ್ಯಾಂಕ್ ತುಂಬುತ್ತದೆ. ಅದು ನಿಂತ ಮೇಲೆ ಫ್ರಿಜ್ಜು, ದೋಸೆ ಹಿಟ್ಟಿನ ಗ್ರೈಂಡರು, ಜೊತೆಗೆ ಇನ್ವರ್ಟರಿನ ಚಾರ್ಜು. ಎರಡು ಗಂಟೆಯಲ್ಲಿ ಬ್ಯಾಟರಿಗೆ ಸೇರುವುದು ಸುಮಾರು 30 ಎಎಚ್ ಮಾತ್ರ. ಆದರೆ ಅಂದಿನ ರಾತ್ರಿಯ ದೀಪಕ್ಕೆ ಅದು ಸಾಕು. ಸ್ವಿಚ್ ನಾರ್ಮಲ್ ಕಡೆಗೆ ಇರದಿದ್ದರೆ, ಜನರೇಟರಿನ ಏರಿಳಿಯುವ ಕರೆಂಟನ್ನು ಇನ್ವರ್ಟರ್ ಒಪ್ಪದೆಯೂ ಇರಬಹುದು.

ಎರಡು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಲೇಬಾರದು. ಮಳೆ ಹೊಡೆಯುತ್ತದೆಂದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ಎಳೆದು ಓಡಿಸಿದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬರುವಷ್ಟರಲ್ಲಿ ಮಲಗಿದವರಿಗೆ ಏಳುವ ಶಕ್ತಿಯೂ ಉಳಿದಿರುವುದಿಲ್ಲ. ಕಿಟಕಿ ಬಾಗಿಲುಗಳಿಂದ ದೂರ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರವೇ ಅದಕ್ಕೆ ಸರಿಯಾದ ಜಾಗ. ಇನ್ನೊಂದು, ಎರಡೂ ತುದಿಗೆ ಪ್ಲಗ್ಗು ಕಟ್ಟಿದ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸುವ ಅಭ್ಯಾಸ. ಮೇನ್ ಸ್ವಿಚ್ ಆರಿಸಲು ಮರೆತರೆ ಆ 230 ವೋಲ್ಟು ಬೀದಿಗೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 11,000 ವೋಲ್ಟಾಗುತ್ತದೆ. ಸುರಿವ ಮಳೆಯಲ್ಲಿ ನಮ್ಮದೇ ಲೈನು ಸರಿಮಾಡಲು ಕಂಬ ಹತ್ತಿದವನ ಜೀವ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆದು ಚೇಂಜ್ ಓವರ್ ಸ್ವಿಚ್ ಹಾಕಿಸದೆ ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಲೇಕೂಡದು.

ಮಳೆಗಾಲ ಮುಗಿದ ಮೇಲೆ ಭಾವ ಟ್ಯಾಂಕಿನ ಪೆಟ್ರೋಲನ್ನು ಬೈಕಿಗೆ ಸುರಿದುಕೊಂಡರು. ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಮುಗಿದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರು. ಹಾಗೇ ಬಿಟ್ಟರೆ ಪೆಟ್ರೋಲ್ ಅಂಟಾಗಿ ಮುಂದಿನ ಜೂನಿನಲ್ಲಿ ಹಗ್ಗ ಎಳೆದೆಳೆದು ಸಾಕಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಬ್ಯಾಟರಿಯ ಮುಂದೆ ಕೂತರು. ಆರು ಮುಚ್ಚಳಗಳ ನಡುವಿನ ಪುಟ್ಟ ತೇಲುಕಡ್ಡಿಗಳಲ್ಲಿ ಎರಡು ಕೆಂಪು ಗೆರೆಗೆ ಇಳಿದಿದ್ದವು. ಅಕ್ಕ ಅಡುಗೆಮನೆಯಿಂದ ಫಿಲ್ಟರ್ ನೀರಿನ ಬಾಟಲಿ ತಂದಳು. "ಅದಲ್ಲ ಮಾರಾಯ್ತಿ, ಡಿಸ್ಟಿಲ್ಡ್ ವಾಟರೇ ಆಗಬೇಕು" ಎಂದು ಭಾವ ಸೈಕಲ್ ಅಂಗಡಿಯ ಕಡೆ ಹೊರಟರು.