28ರ ಶಾಫ್ಟು, 8ರ ಕೀ, ಒಂದು ಮುಷ್ಕರ ಹೂಡಿದ ಪುಲ್ಲಿ

ಹಿಟ್ಟಿನ ಗಿರಣಿಯೊಂದರ ಮೂರು ಎಚ್‌ಪಿ ಮೋಟರಿಗೆ ಹೊಸ ಪುಲ್ಲಿ ಮಾಡಿಸಿ ತಂದಿದ್ದರು. ಕೀ ತೆಗೆದಿಟ್ಟರೆ ಪುಲ್ಲಿ ಶಾಫ್ಟಿನ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಕೀ ಕೂರಿಸಿದರೆ ಬಾಯಲ್ಲೇ ನಿಂತುಬಿಡುತ್ತಿತ್ತು. "ಎರಡೇಟು ಹಾಕಿ ಅಣ್ಣಾ, ಕೂತ್ಕೊಳ್ಳತ್ತೆ" ಎಂದರು ಗಿರಣಿಯವರು. ಸುತ್ತಿಗೆ ಕೆಳಗಿಟ್ಟು ವರ್ನಿಯರ್ ಎತ್ತಿಕೊಂಡೆ. ಪುಲ್ಲಿಯ ಬೋರಿನಲ್ಲಿ ಗಾಡಿಯ ತಳದಿಂದ ಎದುರಿನ ಗೋಡೆಗೆ ಅಳೆದರೆ 30.7 ಮಿಲಿಮೀಟರ್ ಬಂತು. ಇರಬೇಕಾದದ್ದು 31.3. ಸ್ಲಾಟಿಂಗ್ ಮಾಡಿದ ಹುಡುಗನನ್ನು ಕೇಳಿದರೆ, "ಟೇಬಲ್‌ನಲ್ಲಿ 3.3 ಇತ್ತು, 3.3 ಕೊಟ್ಟಿದೀನಿ ಅಣ್ಣಾ" ಎಂದ. ಅವನು ಹೇಳಿದ್ದು ನಿಜ. ಡಯಲ್‌ನಲ್ಲಿ ಅವನು 3.3 ಕೊಟ್ಟೇ ಇದ್ದ. ಆದರೂ 0.6 ಮಿಲಿಮೀಟರ್ ಎಲ್ಲಿ ಹೋಯಿತು?

ಮೊದಲು ಕೀ ಮಾಡುವ ಕೆಲಸ ನೋಡೋಣ. ಶಾಫ್ಟಿನ ಮೈಮೇಲೆ ಒಂದು ಉದ್ದನೆಯ ಗಾಡಿ, ಅದನ್ನೇ ಕೀವೇ ಎನ್ನುವುದು. ಪುಲ್ಲಿಯ ಹಬ್ಬಿನ ಒಳಗೋಡೆಯಲ್ಲಿ ಅದಕ್ಕೆ ಎದುರಾಗಿ ಇನ್ನೊಂದು ಗಾಡಿ. ಎರಡರಲ್ಲೂ ಅರ್ಧರ್ಧ ಹುದುಗಿ ಕೂರುವ ಉಕ್ಕಿನ ತುಂಡೇ ಕೀ. ಶಾಫ್ಟು ತಿರುಗಿದಾಗ ಕೀಯ ಪಕ್ಕದ ಗೋಡೆ ಪುಲ್ಲಿಯ ಗಾಡಿಯ ಪಕ್ಕದ ಗೋಡೆಯನ್ನು ತಳ್ಳುತ್ತದೆ. ಈ ಮೂರು ಎಚ್‌ಪಿ ಮೋಟರು ಪೂರ್ತಿ ಹೊರೆಯಲ್ಲಿ ಓಡುವಾಗ ಆ ಗೋಡೆಯ ಮೇಲೆ ಸುಮಾರು 100 ಕಿಲೋ ತೂಕದಷ್ಟು ಬಲ ಬೀಳುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದಕ್ಕೆ ಎರಡು ಪಟ್ಟಿಗೂ ಹೆಚ್ಚು. ಕೆಲಸವೆಲ್ಲ ಪಕ್ಕದ ಗೋಡೆಗಳದ್ದು. ಕೀಯ ನೆತ್ತಿ ಪುಲ್ಲಿಗೆ ತಾಗಲೇಬಾರದು. (ತಲೆಯಿರುವ ಇಳಿಜಾರು ಕೀ ಬೇರೆ ಜಾತಿ. ಅದು ನೆತ್ತಿಯಲ್ಲೇ ಬಿಗಿಯುತ್ತದೆ. ಇಲ್ಲಿ ಹೇಳುತ್ತಿರುವುದು ಸಮಾನಾಂತರ ಕೀಯ ಮಾತು.)

ಕೀಯ ಅಳತೆಯನ್ನು ಶಾಫ್ಟಿನ ವ್ಯಾಸ ನೋಡಿ ಟೇಬಲ್‌ನಿಂದ ತೆಗೆಯಬೇಕು. ಭಾರತೀಯ ಮಾನಕ ಐಎಸ್ 2048, ಜರ್ಮನಿಯ ಡಿಐಎನ್ 6885, ಎರಡರಲ್ಲೂ ಈ ಟೇಬಲ್ ಇದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 22 ದಾಟಿ 30ರವರೆಗಿನ ಶಾಫ್ಟಿಗೆಲ್ಲ 8 ಅಗಲ, 7 ಎತ್ತರದ ಕೀ. 30 ದಾಟಿ 38ರವರೆಗೆ 10 ಅಗಲ, 8 ಎತ್ತರ. 38 ದಾಟಿ 44ರವರೆಗೆ 12 ಅಗಲ, 8 ಎತ್ತರ. "ದಾಟಿ" ಎಂಬ ಮಾತನ್ನು ಗಮನಿಸಬೇಕು. ಸರಿಯಾಗಿ 30 ಇರುವ ಶಾಫ್ಟು ಕೆಳಗಿನ ಮೆಟ್ಟಿಲಿಗೇ ಸೇರುತ್ತದೆ, ಅದಕ್ಕೆ 8ರ ಕೀ. ವ್ಯಾಸದ ಕಾಲು ಭಾಗ ಕೀಯ ಅಗಲ ಎಂಬ ಬಾಯಿಲೆಕ್ಕ ಅಂದಾಜಿಗೆ ಸರಿ, ಆದರೆ ಅದರಂತೆ ಕತ್ತರಿಸಲು ಹೋದರೆ 28ಕ್ಕೆ 7ರ ಕೀ ಎನ್ನುತ್ತದೆ. ಆ ಅಳತೆ ಟೇಬಲ್‌ನಲ್ಲೇ ಇಲ್ಲ.

ನಮ್ಮ ಮೋಟರಿನ ಶಾಫ್ಟು 28. ಟೇಬಲ್ ಹೇಳುವುದು: ಶಾಫ್ಟಿನಲ್ಲಿ ಆಳ 4.0, ಹಬ್ಬಿನಲ್ಲಿ ಆಳ 3.3. ಎರಡೂ ಕೂಡಿದರೆ 7.3, ಕೀಯ ಎತ್ತರ 7. ಉಳಿದ 0.3 ನೆತ್ತಿಯ ಮೇಲಿನ ಗಾಳಿ. ಎರಡೂ ಆಳಗಳಿಗೆ 0.2ರಷ್ಟು ಹೆಚ್ಚಾಗಲು ಅವಕಾಶವಿದೆ, ಕಡಿಮೆಯಾಗಲು ಇಲ್ಲ.

ಈ ಆಳವನ್ನು ಎಲ್ಲಿಂದ ಅಳೆಯಬೇಕು ಎಂಬುದರಲ್ಲೇ ಹುಡುಗನ ತಪ್ಪು ಅಡಗಿತ್ತು. ಟೇಬಲ್‌ನ ಆಳ ಶಾಫ್ಟಿನ ದುಂಡನೆಯ ನೆತ್ತಿಯಿಂದ ಲೆಕ್ಕ. ಆದರೆ 8 ಮಿಲಿಮೀಟರ್ ಗಾಡಿ ತೆಗೆದ ಮೇಲೆ ಆ ನೆತ್ತಿಯೇ ಇರುವುದಿಲ್ಲ, ಚಿಪ್ಸಿನ ಜೊತೆ ಹೋಗಿರುತ್ತದೆ. ಉಳಿಯುವುದು ಗಾಡಿಯ ಎರಡು ದಡ. ದುಂಡಗಿನ ಮೈ ಇಳಿಯುವುದರಿಂದ ಆ ದಡಗಳು ನೆತ್ತಿಗಿಂತ ತುಸು ಕೆಳಗಿರುತ್ತವೆ. ಎಷ್ಟು ಕೆಳಗೆ ಎಂಬುದಕ್ಕೆ ಲೆಕ್ಕ ಇದು, `r` ಶಾಫ್ಟಿನ ಅರ್ಧವ್ಯಾಸ, `b` ಗಾಡಿಯ ಅಗಲ:

```
s = r − √(r² − (b/2)²)
s = 14 − √(196 − 16) = 0.58
```

ಶಾಫ್ಟಿನಲ್ಲಿ ಮಿಲ್ಲಿಂಗ್ ಕಟ್ಟರ್ ಮೊದಲು ತಾಗುವುದು ನೆತ್ತಿಗೆ. ತೆಳು ಕಾಗದ ಇಟ್ಟು ತಾಗಿಸಿ ಡಯಲನ್ನು ಸೊನ್ನೆ ಮಾಡಿ 4.0 ಇಳಿಸಿದರೆ ಸರಿಯಾಗಿಯೇ ಬರುತ್ತದೆ. ಆದರೆ ಕತ್ತರಿಸಿದ ಮೇಲೆ ಡೆಪ್ತ್ ಗೇಜನ್ನು ದಡದ ಅಂಚಿನಿಂದ ಹಿಡಿದರೆ 3.4 ತೋರಿಸುತ್ತದೆ. ಕಡಿಮೆಯಾಯಿತು ಎಂದು ಇನ್ನೂ 0.6 ಕೆರೆದವರಿದ್ದಾರೆ. ಆಗ ಕೀ ಶಾಫ್ಟಿನಲ್ಲಿ ಹೆಚ್ಚು ಹೂತು ಪುಲ್ಲಿಗೆ ಸಿಗಬೇಕಾದ ಪಕ್ಕದ ಗೋಡೆ ಕಡಿಮೆಯಾಗುತ್ತದೆ.

ಬೋರಿನ ಒಳಗೆ ಇದೇ ಸಂಗತಿ ತಿರುವುಮುರುವು. 8 ಅಗಲದ ಚಪ್ಪಟೆ ಸ್ಲಾಟಿಂಗ್ ಟೂಲನ್ನು 28ರ ಬೋರಿನ ಗೋಡೆಗೆ ತಂದರೆ ಅದರ ನಡುಭಾಗ ತಾಗುವುದಿಲ್ಲ, ಎರಡು ಮೂಲೆಗಳು ಮೊದಲು ತಾಗುತ್ತವೆ. ಆ ಹೊತ್ತಿಗೆ ಟೂಲಿನ ಮುಖ ಬೋರಿನ ನೆತ್ತಿಯಿಂದ ಇನ್ನೂ 0.58 ಹಿಂದಿರುತ್ತದೆ. ಅಲ್ಲಿ ಡಯಲ್ ಸೊನ್ನೆ ಮಾಡಿ 3.3 ಕೊಟ್ಟರೆ ಸಿಕ್ಕುವ ನಿಜವಾದ ಆಳ 2.7 ಅಷ್ಟೇ. ಹುಡುಗ ಕೊಡಬೇಕಾಗಿದ್ದದ್ದು 3.3 ಕೂಡಿಸು 0.58, ಅಂದರೆ 3.88. ಕಳೆದುಹೋದ 0.6 ಇಲ್ಲಿತ್ತು.

ಇದಕ್ಕೇ ನಾನು ಆಳದ ಲೆಕ್ಕವನ್ನೇ ಬಿಟ್ಟು ಎದುರು ಬದಿಯಿಂದ ಅಳೆಯುವ ರೂಢಿ ಮಾಡಿಕೊಂಡಿದ್ದೇನೆ. ಶಾಫ್ಟಿನಲ್ಲಿ ವ್ಯಾಸದಿಂದ ಆಳ ಕಳೆಯಿರಿ: 28 ಕಳೆ 4, ಅಂದರೆ 24. ವರ್ನಿಯರಿನ ಒಂದು ದವಡೆ ಗಾಡಿಯ ತಳದಲ್ಲಿ, ಇನ್ನೊಂದು ಶಾಫ್ಟಿನ ಕೆಳಮೈಗೆ. 24ರಿಂದ 23.8ರೊಳಗೆ ಬಂದರೆ ಸರಿ. ಹಬ್ಬಿನಲ್ಲಿ ವ್ಯಾಸಕ್ಕೆ ಆಳ ಕೂಡಿಸಿ: 28 ಕೂಡಿಸು 3.3, ಅಂದರೆ 31.3. ಒಳದವಡೆಗಳಿಂದ ಅಳೆದು 31.3ರಿಂದ 31.5ರೊಳಗೆ ಇರಬೇಕು. ಕೀ ಕೂರಿಸಿದ ಶಾಫ್ಟನ್ನು ತಳದಿಂದ ಕೀಯ ನೆತ್ತಿಯವರೆಗೆ ಅಳೆದರೆ 31. ಮೋಟರಿನ ಕ್ಯಾಟಲಾಗಿನಲ್ಲಿ GA ಎಂದು ಕೊಡುವುದು ಇದನ್ನೇ. ಈ ಮೂರು ಅಳತೆಗೂ ದಡದ ಗೊಡವೆ ಇಲ್ಲ.

ನಮ್ಮ ಪುಲ್ಲಿಯಲ್ಲಿ ಕೀ 31ರವರೆಗೆ ಎದ್ದು ನಿಂತಿತ್ತು, ಗಾಡಿ 30.7ಕ್ಕೇ ಮುಗಿದಿತ್ತು. ಸುತ್ತಿಗೆಯಿಂದ ಬಡಿದು ಕೂರಿಸಿದ್ದರೆ ಪುಲ್ಲಿ ನೆತ್ತಿಯ ಕಡೆಗೆ ಎತ್ತಲ್ಪಟ್ಟು ಕೇಂದ್ರ ತಪ್ಪುತ್ತಿತ್ತು, ಬೆಲ್ಟು ಒಂದೊಂದು ಸುತ್ತಿಗೂ ಕುಣಿಯುತ್ತಿತ್ತು. ಬೀಡಿನ ಪುಲ್ಲಿ ಗಾಡಿಯ ಮೂಲೆಯಿಂದ ಬಿರುಕು ಬಿಡುವುದೂ ಹೀಗೆಯೇ.

ಅಗಲದಲ್ಲಿ ತಪ್ಪಾದರೆ ಲಕ್ಷಣ ಬೇರೆ. ಶಾಫ್ಟಿನ ಗಾಡಿ 8ಕ್ಕಿಂತ ಒಂದು ಕೂದಲೆಳೆ ಕಡಿಮೆ ಇರಬೇಕು, 7.964ರಿಂದ 8ರೊಳಗೆ. ಕೀಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕೂರುವಷ್ಟು. ಹಬ್ಬಿನ ಗಾಡಿ 7.982ರಿಂದ 8.018ರೊಳಗೆ ಇದ್ದರೆ ಪುಲ್ಲಿ ಕೈಯಲ್ಲೇ ಜಾರಿ ಬರುತ್ತದೆ. ಗಾಡಿ ಹಿಗ್ಗಿದ್ದರೆ ಸ್ಟಾರ್ಟ್ ಮಾಡಿದಾಗ, ನಿಲ್ಲಿಸಿದಾಗ ಟಕ್ ಎಂಬ ಸದ್ದು ಬರುತ್ತದೆ. ಕೆಲ ದಿನಗಳಲ್ಲಿ ಕೀಯ ಬದಿಯಿಂದ ಕಾವಿಯಂಥ ಕೆಂಪು ಪುಡಿ ಉದುರುತ್ತದೆ. ಉಕ್ಕು ಉಕ್ಕನ್ನು ಉಜ್ಜಿ ಹುಟ್ಟಿದ ತುಕ್ಕು ಅದು. ಅದು ಕಂಡರೆ ಕೀ ಬದಲಿಸಿದರೆ ಸಾಲದು, ಗಾಡಿಯ ಅಗಲವನ್ನೂ ಅಳೆಯಬೇಕು.

ಟೇಬಲ್ ಕೀಯ ಉದ್ದವನ್ನು ತೀರ್ಮಾನಿಸುವುದಿಲ್ಲ. ಅದು ಹೊರೆಯ ಲೆಕ್ಕದಿಂದ ಬರಬೇಕು. ಸಣ್ಣ ಪುಲ್ಲಿಯಲ್ಲಿ ಗಾಡಿಯ ಮೇಲೆ ಉಳಿಯುವ ಲೋಹ ಸಾಕೇ ಎಂಬುದನ್ನೂ ಅದು ಹೇಳುವುದಿಲ್ಲ.

ಹುಡುಗ ಪುಲ್ಲಿಯನ್ನು ಮತ್ತೆ ಸ್ಲಾಟಿಂಗ್‌ಗೆ ಕಟ್ಟಿದ. ಹಳೆಯ ಗಾಡಿಗೇ ಟೂಲನ್ನು ನೇರ ಹಿಡಿದು, ತಳಕ್ಕೆ ತಾಗಿಸಿ, 0.6 ಕೊಟ್ಟ. ಈ ಸಲ ಅವನೇ ಒಳದವಡೆ ಹಾಕಿ ಅಳೆದ: 31.3. ಪುಲ್ಲಿ ಕೈಯಲ್ಲೇ ಜಾರಿ ಶಾಫ್ಟಿನ ಭುಜಕ್ಕೆ ಹೋಗಿ ಕೂತಿತು. ಕೀಯ ನೆತ್ತಿಯ ಮೇಲಿನ ಸಂದಿಗೆ 0.25ರ ಫೀಲರ್ ಗೇಜ್ ತೂರಿಸಿದ, ಸಲೀಸಾಗಿ ಹೋಯಿತು. 0.40ರದ್ದು ಹೋಗಲಿಲ್ಲ.